ಫಾರ್ವರ್ಡ್ ದರ ಎಲ್ಲಿಂದ ಬರುತ್ತೆ? ತುಮಕೂರಿನ ರಫ್ತುದಾರರು ಪದೇ ಪದೇ ಕೇಳುವ ಪ್ರಶ್ನೆಗಳು

ತುಮಕೂರು ಜಿಲ್ಲೆಯಲ್ಲಿ ಗರ್ಕಿನ್ ಮಿಡಿಸೌತೆ ಬೆಳೆಸಿ, ವಿನೆಗರ್ ಇಲ್ಲವೇ ಉಪ್ಪುನೀರಿನಲ್ಲಿ ಹಾಕಿ, ಡ್ರಮ್ಮಿಗೆ ತುಂಬಿ ಹೊರದೇಶಕ್ಕೆ ಕಳಿಸುವ ಘಟಕಗಳಿವೆ. ಬೈಯರ್ ಜೊತೆ ರೇಟು ಮಾತಾಗುವುದು ಇವತ್ತು. ಕಾಯಿ ಕಿತ್ತು, ಸೈಜು ವಿಂಗಡಿಸಿ, ಕಂಟೇನರ್ ಚೆನ್ನೈ ಬಂದರು ಬಿಟ್ಟು, ಆ ಕಡೆಯಿಂದ ಡಾಲರ್ ಬರುವ ಹೊತ್ತಿಗೆ ತಿಂಗಳುಗಳೇ ಕಳೆದಿರುತ್ತವೆ. ರೈತರಿಗೂ ಕೂಲಿಯವರಿಗೂ ಕೊಡಬೇಕಾದ್ದು ಮಾತ್ರ ರೂಪಾಯಿ, ಅದೂ ಈಗಲೇ. ಮುಂದೆ ಬರುವ ಆ ಡಾಲರ್‌ಗೆ ಬ್ಯಾಂಕ್ ಇವತ್ತೇ ಗೊತ್ತುಮಾಡಿಕೊಡುವ ದರವೇ ಫಾರ್ವರ್ಡ್ ದರ. ಕೆಳಗಿನ ಪ್ರಶ್ನೆಗಳು ಇಂಥ ಕಡೆ ಲೆಕ್ಕ ನೋಡಿಕೊಳ್ಳುವವರು ಸಾಮಾನ್ಯವಾಗಿ ಕೇಳುವಂಥವು. ಉದಾಹರಣೆಯ ದರಗಳೆಲ್ಲ ಲೆಕ್ಕಕ್ಕಾಗಿ ಇಟ್ಟುಕೊಂಡವು. ನಿಮ್ಮ ದಿನದ ದರ ಹಾಕಿ ನೀವೇ ಮಾಡಿ ನೋಡಬಹುದು.

ಫಾರ್ವರ್ಡ್ ದರ ಅಂದ್ರೆ ಆರು ತಿಂಗಳ ನಂತರ ಡಾಲರ್ ಎಷ್ಟಿರುತ್ತೆ ಅನ್ನೋ ಬ್ಯಾಂಕಿನ ಅಂದಾಜಾ?

ಅಲ್ಲ. ಜಾಸ್ತಿ ಜನ ಎಡವುವುದು ಇಲ್ಲೇ. ಇವತ್ತು ಡಾಲರ್‌ಗೆ 85 ರೂಪಾಯಿ ಇದ್ದು, ಆರು ತಿಂಗಳ ಫಾರ್ವರ್ಡ್ 85.92 ಇದ್ದರೆ "ಬ್ಯಾಂಕಿನವರೇ ಡಾಲರ್ ಏರುತ್ತೆ ಅಂತಿದ್ದಾರೆ" ಎಂದು ಅರ್ಥ ಮಾಡಿಕೊಳ್ಳುತ್ತಾರೆ. ಬ್ಯಾಂಕಿನವರು ಹಾಗೇನೂ ಹೇಳುತ್ತಿಲ್ಲ. ಆ 92 ಪೈಸೆ ಭಾರತದ ಬಡ್ಡಿಗೂ ಅಮೆರಿಕದ ಬಡ್ಡಿಗೂ ಇರುವ ವ್ಯತ್ಯಾಸ, ಅಷ್ಟೇ. ನಾಳೆ ಡಾಲರ್ 80 ಆಗುತ್ತದೆ ಎಂದು ಡೀಲರ್ ಮನಸ್ಸಿನಲ್ಲೇ ನಂಬಿದ್ದರೂ ಅವನು ಕೊಡುವ ಫಾರ್ವರ್ಡ್ ದರ ಬದಲಾಗುವುದಿಲ್ಲ.

ನಿಜವಾದ ದರ ಫಾರ್ವರ್ಡ್ ದರದಿಂದ ಎಷ್ಟು ದೂರ ಹೋಗಬಹುದು ಎನ್ನುವುದಕ್ಕೆ 2022 ಒಳ್ಳೆಯ ಸಾಕ್ಷಿ. ಆ ವರ್ಷದ ಮೊದಲಲ್ಲಿ ಡಾಲರ್ 74–75 ರೂಪಾಯಿ ಇತ್ತು. ನಮ್ಮ ರೆಪೊ ದರ 4%, ಅಮೆರಿಕದ್ದು ಹೆಚ್ಚುಕಡಿಮೆ ಸೊನ್ನೆ. ಬಡ್ಡಿ ಅಂತರದ ಲೆಕ್ಕದಲ್ಲಿ ಒಂದು ವರ್ಷದ ದರ 77–78ರ ಆಸುಪಾಸು ಬರುತ್ತದೆ. ವರ್ಷದ ಕೊನೆಗೆ ಡಾಲರ್ 82 ದಾಟಿತ್ತು. ಹಾಗಂತ ಲೆಕ್ಕ ತಪ್ಪಿತ್ತು ಎನ್ನಲಾಗದು, ಅದು ಭವಿಷ್ಯ ಹೇಳುವ ಲೆಕ್ಕವೇ ಆಗಿರಲಿಲ್ಲ.

ಹಾಗಾದ್ರೆ ಆ ದರ ಬರೋದು ಹೇಗೆ? ಒಂದು ಉದಾಹರಣೆ ಹಿಡಿದು ಹೇಳಿ.

ನಿಮಗೆ 180 ದಿನದ ನಂತರ 1,00,000 ಡಾಲರ್ ಬರುವುದಿದೆ ಎಂದುಕೊಳ್ಳಿ. ಅದನ್ನು ಇಂತಿಷ್ಟು ದರಕ್ಕೆ ಕೊಳ್ಳುತ್ತೇನೆ ಎಂದು ಬ್ಯಾಂಕ್ ಇವತ್ತೇ ಮಾತು ಕೊಡಬೇಕು. ದರ ಬಿದ್ದರೆ ನಷ್ಟ ಬ್ಯಾಂಕಿಗೆ. ಸುಮ್ನೆ ಧೈರ್ಯ ಮಾಡಿ ಕೂರಲು ಅದಕ್ಕೆ ಆಗುವುದಿಲ್ಲ. ಹಾಗಾಗಿ ಇವತ್ತೇ ತನ್ನನ್ನು ಕಾಪಾಡಿಕೊಳ್ಳುತ್ತದೆ.

ಇವತ್ತಿನ ಪೇಟೆ ದರ, ಅಂದರೆ ಸ್ಪಾಟ್ ದರ, 85.00 ಇರಲಿ. ಆರು ತಿಂಗಳ ರೂಪಾಯಿ ಬಡ್ಡಿ ವರ್ಷಕ್ಕೆ 6.60%, ಡಾಲರ್ ಬಡ್ಡಿ 4.30%. ಬ್ಯಾಂಕ್ ಮೊದಲು ಡಾಲರ್ ಸಾಲ ಎತ್ತುತ್ತದೆ. ಎಷ್ಟು? 180 ದಿನದ ನಂತರ ಬಡ್ಡಿ ಸೇರಿ ಸರಿಯಾಗಿ 1,00,000 ಆಗುವಷ್ಟು. 4.30ರಂತೆ ಅಷ್ಟು ದಿನಕ್ಕೆ 2.15% ಆಗುತ್ತದೆ, ಆದ್ದರಿಂದ 1,00,000ವನ್ನು 1.0215ರಿಂದ ಭಾಗಿಸಿದರೆ 97,895 ಡಾಲರ್. ಈ ಡಾಲರನ್ನು ಇವತ್ತೇ 85ರಂತೆ ಮಾರಿದರೆ 83,21,096 ರೂಪಾಯಿ ಕೈಗೆ ಬರುತ್ತದೆ. ಅದನ್ನು 6.60ರ ಬಡ್ಡಿಗೆ 180 ದಿನ ಇಟ್ಟರೆ 85,91,931 ರೂಪಾಯಿ ಆಗುತ್ತದೆ.

ಆ ದಿನ ಬಂದಾಗ ನೀವು 1,00,000 ಡಾಲರ್ ತಂದುಕೊಡುತ್ತೀರಿ. ಬ್ಯಾಂಕ್ ಅದರಿಂದ ತನ್ನ ಡಾಲರ್ ಸಾಲ ತೀರಿಸುತ್ತದೆ. ಇಟ್ಟಿದ್ದ ರೂಪಾಯಿಯನ್ನು ನಿಮಗೆ ಕೊಡುತ್ತದೆ. 85,91,931 ಭಾಗಿಸು 1,00,000, ಅಂದರೆ ಡಾಲರ್‌ಗೆ 85.92. ಇದೇ ಫಾರ್ವರ್ಡ್ ದರ. ಆ ದಿನ ಪೇಟೆಯಲ್ಲಿ ಡಾಲರ್ 78 ಇರಲಿ, 95 ಇರಲಿ, ಬ್ಯಾಂಕಿಗೆ ಹೋಗುವುದೂ ಇಲ್ಲ, ಬರುವುದೂ ಇಲ್ಲ.

ಬಡ್ಡಿ ಅಂತರ ಫಾರ್ವರ್ಡ್ ದರದಲ್ಲಿ ಹೀಗೆ ಕೂತುಬಿಡುವುದಕ್ಕೆ ಕವರ್ಡ್ ಇಂಟರೆಸ್ಟ್ ಪ್ಯಾರಿಟಿ ಎನ್ನುತ್ತಾರೆ. ದರದ ಏರಿಳಿತದಿಂದ ರಕ್ಷಣೆ ಪಡೆದ ಮೇಲೆ ಯಾವ ದೇಶದಲ್ಲಿ ಹಣ ಇಟ್ಟರೂ ಗಳಿಕೆ ಒಂದೇ ಎಂಬುದು ಅದರ ತಿರುಳು. ಮೊದಲ ಮಹಾಯುದ್ಧ ಮುಗಿದ ಮೇಲೆ ಲಂಡನ್ ಪೇಟೆಯ ದರಗಳನ್ನು ನೋಡಿ ಜಾನ್ ಮೇನಾರ್ಡ್ ಕೇನ್ಸ್ 1923ರಲ್ಲಿ ಇದನ್ನು ಬಿಡಿಸಿ ಬರೆದಿದ್ದರು.

ಇದಕ್ಕೆ ಒಂದು ಸೂತ್ರ ಕೊಡಿ, ಎಕ್ಸೆಲ್‌ನಲ್ಲಿ ಹಾಕಿಕೊಳ್ಳೋಣ.

B1ರಲ್ಲಿ ಸ್ಪಾಟ್ ದರ, B2ರಲ್ಲಿ ರೂಪಾಯಿ ಬಡ್ಡಿ, B3ರಲ್ಲಿ ಡಾಲರ್ ಬಡ್ಡಿ, B4ರಲ್ಲಿ ದಿನ ಹಾಕಿ. ಬಡ್ಡಿಯನ್ನು 6.60% ಎಂದು ಶೇಕಡಾ ಗುರುತಿನ ಸಮೇತ ಬರೆಯಿರಿ, ಬರೀ 6.60 ಎಂದು ಬರೆದರೆ ಉತ್ತರ ಎಲ್ಲಿಗೋ ಹೋಗುತ್ತದೆ.

```
=B1*(1+B2*B4/365)/(1+B3*B4/360)
```

ಕೆಳಗಡೆ 360 ಇರುವುದು ಟೈಪ್ ಮಾಡುವಾಗ ಆದ ತಪ್ಪಲ್ಲ. ಡಾಲರ್ ಹಣದ ಪೇಟೆಯಲ್ಲಿ ವರ್ಷಕ್ಕೆ 360 ದಿನ ಎಂದು ಬಡ್ಡಿ ಲೆಕ್ಕ ಹಾಕುವುದು ರೂಢಿ. ರೂಪಾಯಿಗೆ 365. ಇನ್ನೊಂದು ವಿಷಯ, ದಿನ ಎಣಿಸುವುದು ಇವತ್ತಿನಿಂದಲ್ಲ, ಸ್ಪಾಟ್ ದಿನದಿಂದ. ಡಾಲರ್–ರೂಪಾಯಿ ಸ್ಪಾಟ್ ವ್ಯವಹಾರ ಚುಕ್ತಾ ಆಗುವುದು ಎರಡು ಕೆಲಸದ ದಿನಗಳ ನಂತರ.

6.60ರಲ್ಲಿ 4.30 ಕಳೆದರೆ 2.30 ಅಲ್ವಾ? ಬ್ಯಾಂಕ್ ತೋರಿಸೋ ಪ್ರೀಮಿಯಂ 2.19% ಯಾಕೆ?

ಫಾರ್ವರ್ಡ್ ದರ ಸ್ಪಾಟ್‌ಗಿಂತ ಎಷ್ಟು ಮೇಲಿದೆಯೋ ಅದೇ ಪ್ರೀಮಿಯಂ. ಆ 92 ಪೈಸೆಯನ್ನು 85ರ ಮೇಲೆ ವರ್ಷದ ಲೆಕ್ಕಕ್ಕೆ ತಂದರೆ 2.19% ಬರುತ್ತದೆ, ನಿಜ. 360 ದಿನದ 4.30% ಅಂದರೆ ನಮ್ಮ 365 ದಿನದ ಲೆಕ್ಕದಲ್ಲಿ 4.36%. ಅಲ್ಲಿಗೆ ಅಂತರ 2.24 ಆಯಿತು. ಅದನ್ನು 1.0215ರಿಂದ ಭಾಗಿಸಬೇಕು, ಅದಕ್ಕೇ 2.19. ಬಾಯಿಲೆಕ್ಕಕ್ಕೆ ಸುಮ್ನೆ ಕಳೆದುಕೊಂಡರೆ ಸಾಕು. ಬ್ಯಾಂಕಿನ ಜೊತೆ ಪೈಸೆ ಲೆಕ್ಕದಲ್ಲಿ ಚೌಕಾಸಿ ಮಾಡುವಾಗ ಮಾತ್ರ ಸೂತ್ರವೇ ಬೇಕು.

ಯಾವುದೋ ಬ್ಯಾಂಕ್ 85.92 ಬಿಟ್ಟು 86.40 ಕೊಟ್ಟರೆ ಏನಾಗುತ್ತೆ?

ಬೇರೆ ಬ್ಯಾಂಕುಗಳು ಅದರ ಮೇಲೆ ಮುಗಿಬೀಳುತ್ತವೆ. ಒಬ್ಬ ಡೀಲರ್ 85,00,000 ರೂಪಾಯಿ ಸಾಲ ಎತ್ತಿ 1,00,000 ಡಾಲರ್ ಕೊಳ್ಳುತ್ತಾನೆ. 4.30ಕ್ಕೆ ಇಟ್ಟರೆ 180 ದಿನಕ್ಕೆ 1,02,150 ಡಾಲರ್. ಅದನ್ನು ಇವತ್ತೇ 86.40ಕ್ಕೆ ಫಾರ್ವರ್ಡ್ ಮಾರಿಟ್ಟಿರುತ್ತಾನೆ, ಆದ್ದರಿಂದ ಬರುವುದು 88,25,760. ರೂಪಾಯಿ ಸಾಲ ಬಡ್ಡಿ ಸಮೇತ 87,76,657. ಕೈಯಿಂದ ಒಂದು ರೂಪಾಯಿ ಹಾಕದೆ, ದರದ ಅಪಾಯ ಇಲ್ಲದೆ 49,103 ರೂಪಾಯಿ ಉಳಿಯಿತು. ಡೀಲರ್‌ಗಳು ಇದನ್ನು ಲಕ್ಷದಲ್ಲಿ ಅಲ್ಲ, ಕೋಟಿ ಡಾಲರ್‌ಗಳಲ್ಲಿ ಮಾಡುತ್ತಾರೆ. ಎಲ್ಲರೂ ಫಾರ್ವರ್ಡ್ ಡಾಲರ್ ಮಾರಲು ನಿಂತರೆ 86.40 ತಾನಾಗಿ ಕೆಳಗೆ ಇಳಿಯುತ್ತದೆ. ದರ ತೀರಾ ಕಡಿಮೆ ಇದ್ದರೆ ಇದೇ ಆಟ ತಿರುವುಮುರುವು: ಡಾಲರ್ ಸಾಲ, ರೂಪಾಯಿ ಠೇವಣಿ, ಫಾರ್ವರ್ಡ್ ಖರೀದಿ.

ಈ ಆಟ ನಾವೂ ಆಡಬಹುದಾ?

ಆಗುವುದಿಲ್ಲ. ನಿಮಗೆ ಸಾಲ ಸಿಗುವ ಬಡ್ಡಿ ಬೇರೆ, ಠೇವಣಿಗೆ ಸಿಗುವ ಬಡ್ಡಿ ಬೇರೆ. ಆ ಎರಡರ ನಡುವೆಯೇ ಲಾಭವೆಲ್ಲ ಕರಗಿಹೋಗುತ್ತದೆ. ಜೊತೆಗೆ ಬೇಕೆಂದಾಗ ಡಾಲರ್ ಸಾಲ ಎತ್ತಲು ವಿದೇಶಿ ವಿನಿಮಯದ ನಿಯಮಗಳು ಬಿಡುವುದಿಲ್ಲ.

ಸೂತ್ರಕ್ಕೆ ಯಾವ ಬಡ್ಡಿ ಹಾಕಬೇಕು? ಎಫ್‌ಡಿ ದರವಾ, ರೆಪೊನಾ?

ಎರಡೂ ಅಲ್ಲ. ಎಫ್‌ಡಿ ದರ ಗ್ರಾಹಕರಿಗೆ ಕೊಡುವಂಥದ್ದು. ರೆಪೊ ಒಂದು ರಾತ್ರಿಯ ಸಾಲಕ್ಕೆ ಹತ್ತಿರದ ದರ, ಆರು ತಿಂಗಳಿನದಲ್ಲ. ನಿಮಗೆ ಬೇಕಾದ ಅವಧಿಗೇ ಇರುವ, ದೊಡ್ಡ ಸಂಸ್ಥೆಗಳು ತಮ್ಮತಮ್ಮಲ್ಲಿ ವ್ಯವಹರಿಸುವ ಬಡ್ಡಿ ಹಾಕಬೇಕು. ರೂಪಾಯಿ ಕಡೆಗೆ ಸುಲಭವಾಗಿ ಸಿಗುವುದು ಟ್ರೆಶರಿ ಬಿಲ್ ದರ. ಆರ್‌ಬಿಐ ಪ್ರತಿ ವಾರ 91, 182 ಮತ್ತು 364 ದಿನದ ಬಿಲ್‌ಗಳ ಹರಾಜು ಮಾಡಿ ದರ ಪ್ರಕಟಿಸುತ್ತದೆ. ಡಾಲರ್ ಕಡೆಗೆ, ಡಾಲರ್ ಸಾಲಗಳಿಗೆ ಅಳತೆಗೋಲಾಗಿರುವ ಆರು ತಿಂಗಳ ಟರ್ಮ್ ಸೋಫರ್ ದರ. ಮೊದಲು ಇಲ್ಲಿ ಲೈಬರ್ ಇತ್ತು. ಡಾಲರ್ ಲೈಬರ್ 2023ರ ಜೂನ್ ಕೊನೆಗೆ ನಿಂತುಹೋಯಿತು, ಹಳೆಯ ಎಕ್ಸೆಲ್ ಶೀಟ್‌ಗಳಲ್ಲಿ ಮಾತ್ರ ಹೆಸರು ಉಳಿದುಕೊಂಡಿದೆ.

ಟ್ರೆಶರಿ ಬಿಲ್ ಹಾಕಿ ಬರುವ ಉತ್ತರ ಕೆಲವು ಪೈಸೆ ಆಚೀಚೆ ಆಗುತ್ತದೆ. ಬ್ಯಾಂಕ್ ಹೇಳಿದ ದರ ನ್ಯಾಯವಾಗಿದೆಯಾ ಎಂದು ತೂಗಿ ನೋಡಲು ಅಷ್ಟು ಸಾಕು.

ಬ್ಯಾಂಕ್ 85.60 ಅಂತಿದೆ. ನಮ್ಮ ಲೆಕ್ಕ 85.92. ಮೋಸವಾ?

ಮೋಸ ಎನ್ನಬೇಡಿ, ಮಾರ್ಜಿನ್ ಎನ್ನಿ. ಆದರೆ 32 ಪೈಸೆ ಮಾರ್ಜಿನ್ ಅಂದರೆ ಲಕ್ಷ ಡಾಲರ್‌ಗೆ 32,000 ರೂಪಾಯಿ, ಕೇಳದೆ ಬಿಡುವ ಮೊತ್ತ ಅಲ್ಲ.

ಸಾಮಾನ್ಯವಾಗಿ ಫೋನಿನಲ್ಲಿ ಮಾತು ಹೀಗೆ ಹೋಗುತ್ತದೆ. "ಸಾರ್, ಆಲ್ ಇನ್ ಎಂಬತ್ತೈದು ಅರವತ್ತು ಕೊಡ್ತೀನಿ, ಬುಕ್ ಮಾಡ್ಲಾ?" ನೀವು ಹೂಂ ಎಂದರೆ ಮುಗಿಯಿತು. ಅದರ ಬದಲು ಮೂರು ಅಂಕಿ ಬೇರೆಬೇರೆಯಾಗಿ ಕೇಳಿ: "ಸ್ಪಾಟ್ ಎಷ್ಟು ಹಿಡಿದಿದ್ದೀರಿ, ಪ್ರೀಮಿಯಂ ಎಷ್ಟು ಪೈಸೆ, ನಿಮ್ಮ ಮಾರ್ಜಿನ್ ಎಷ್ಟು?" ಹೀಗೆ ಬಿಡಿಸಿ ಕೇಳಿದಾಗ ಮಾರ್ಜಿನ್ ಎಲ್ಲಿ ಕೂತಿದೆ ಎಂದು ಗೊತ್ತಾಗುತ್ತದೆ. ಕೆಲವು ಕಡೆ ಅದು ಸ್ಪಾಟ್ ದರದಲ್ಲಿ ಕಾಣುತ್ತದೆ. ಕೆಲವು ಕಡೆ ಸ್ಪಾಟ್ ಸರಿಯಾಗಿಯೇ ಹೇಳಿ, 92 ಪೈಸೆ ಪ್ರೀಮಿಯಂ ಇರುವ ಕಡೆ 70 ಎನ್ನುತ್ತಾರೆ. ಸ್ಪಾಟ್ ದರವನ್ನು ಟಿವಿಯಲ್ಲಿ, ಮೊಬೈಲ್‌ನಲ್ಲಿ ಎಲ್ಲರೂ ನೋಡುತ್ತಾರೆ. ಪ್ರೀಮಿಯಂ ಲೆಕ್ಕ ಹಾಕುವವರು ಕಡಿಮೆ. ಹಾಗಾಗಿ ಜೇಬು ಕತ್ತರಿಸಲು ಪ್ರೀಮಿಯಂ ಒಳ್ಳೆಯ ಜಾಗ!

ಪೂರ್ತಿ 85.92 ಯಾರೂ ಕೊಡುವುದಿಲ್ಲ. ಸೂತ್ರದಲ್ಲಿ ನಾವು ಒಂದೊಂದೇ ಬಡ್ಡಿ ಹಾಕಿದೆವು. ಬ್ಯಾಂಕಿಗೆ ಡಾಲರ್ ಸಾಲ ಸಿಗುವುದು ಸ್ವಲ್ಪ ಮೇಲಿನ ದರಕ್ಕೆ, ರೂಪಾಯಿ ಇಡುವುದು ಸ್ವಲ್ಪ ಕೆಳಗಿನ ದರಕ್ಕೆ. ಎರಡೂ ಸೇರಿ ರಫ್ತುದಾರನ ದರವನ್ನು ಕೆಲವು ಪೈಸೆ ತಗ್ಗಿಸುತ್ತವೆ. ಅದರ ಮೇಲಿನದು ಚೌಕಾಸಿಗೆ ಬಿಟ್ಟಿದ್ದು. ದರ ಬಿಡಿಸಿ ಕೇಳುವ ಗ್ರಾಹಕನಿಗೆ ಬ್ಯಾಂಕ್ ಕೊಡುವ ದರವೇ ಬೇರೆ ಇರುತ್ತದೆ.

ರೂಪಾಯಿ ಪ್ಯಾಕಿಂಗ್ ಕ್ರೆಡಿಟ್ 9%, ಡಾಲರ್‌ನ ಪಿಸಿಎಫ್‌ಸಿ 6.30%. ಕಣ್ಣುಮುಚ್ಚಿ ಡಾಲರ್ ಸಾಲ ತಗೋಬಹುದಲ್ವಾ?

ಕಣ್ಣು ತೆರೆದುಕೊಂಡೇ ತೆಗೆದುಕೊಳ್ಳಿ. ಇಡೀ ವಿಷಯದಲ್ಲಿ ಒಂದೇ ಒಂದು ಲೆಕ್ಕ ಕಲಿಯಲು ಸಮಯವಿದ್ದರೆ ಇದನ್ನು ಕಲಿಯಬೇಕು ಎನ್ನುವುದು ನನ್ನ ಅಭಿಪ್ರಾಯ.

ಸರಕು ಕಳಿಸುವ ಮೊದಲು ರೈತರಿಗೆ, ವಿನೆಗರ್‌ಗೆ, ಡ್ರಮ್ಮಿಗೆ, ಕೂಲಿಗೆ ಎಂದು ಬ್ಯಾಂಕ್ ಕೊಡುವ ಸಾಲವೇ ಪ್ಯಾಕಿಂಗ್ ಕ್ರೆಡಿಟ್. ಅದನ್ನು ರೂಪಾಯಿಯಲ್ಲೂ ಪಡೆಯಬಹುದು, ಡಾಲರ್‌ನಲ್ಲೂ ಪಡೆಯಬಹುದು. ಡಾಲರ್‌ನದಕ್ಕೆ ಪಿಸಿಎಫ್‌ಸಿ ಎನ್ನುತ್ತಾರೆ. ಮೇಲುನೋಟಕ್ಕೆ ಬಡ್ಡಿ ಅಂತರ 2.70%. ಸುಮಾರು 82 ಲಕ್ಷದ ಸಾಲಕ್ಕೆ 180 ದಿನದಲ್ಲಿ ಒಂದು ಲಕ್ಷದ ಒಂಬತ್ತು ಸಾವಿರ ರೂಪಾಯಿ ಉಳಿಯುತ್ತದೆ ಎನ್ನಿಸುತ್ತದೆ. ಉಳಿಯುವುದಿಲ್ಲ. ಯಾಕೆಂದು ನೋಡೋಣ.

ಪಿಸಿಎಫ್‌ಸಿ ತೆಗೆದುಕೊಂಡಾಗ ನೀವು ಮಾಡುವುದೇನು? ಮುಂದೆ ಬರುವ 1,00,000 ಡಾಲರ್ ಭರವಸೆಯ ಮೇಲೆ ಇವತ್ತು ಡಾಲರ್ ಸಾಲ ಪಡೆದು, ಇವತ್ತಿನ ಸ್ಪಾಟ್ ದರಕ್ಕೆ ಮಾರುತ್ತೀರಿ. ಅಂದರೆ ಮುಂದೆ ಬರುವ ಡಾಲರನ್ನು ಈಗಲೇ ಮಾರಿದ ಹಾಗಾಯಿತು. ಹಾಗಾಗಿ ಫಾರ್ವರ್ಡ್ ಪ್ರೀಮಿಯಂ ನಿಮಗೆ ಸಿಗುವುದಿಲ್ಲ. ರೂಪಾಯಿ ಸಾಲ ಪಡೆದವನಿಗೆ ಮುಂದಿನ ಡಾಲರ್ ಇನ್ನೂ ಕೈಯಲ್ಲಿದೆ, ಅವನು ಅದನ್ನು ಪ್ರೀಮಿಯಂ ಸಮೇತ ಫಾರ್ವರ್ಡ್ ಮಾರಬಹುದು.

ಎರಡನ್ನೂ ಒಂದೇ ತಕ್ಕಡಿಗೆ ಹಾಕೋಣ. ಮುಂದೆ ಬರುವ 1,00,000 ಡಾಲರ್‌ನಿಂದ ಸಾಲ ಪೂರ್ತಿ ತೀರಬೇಕು, ಇವತ್ತು ಕೈಗೆ ಎಷ್ಟು ರೂಪಾಯಿ ಸಿಗುತ್ತದೆ ನೋಡಬೇಕು, ಅಷ್ಟೇ.

ಮೊದಲು ಪಿಸಿಎಫ್‌ಸಿ. 6.30ರಂತೆ 180 ದಿನಕ್ಕೆ 3.15%. 1,00,000 ಭಾಗಿಸು 1.0315 ಅಂದರೆ 96,946 ಡಾಲರ್ ಸಾಲ. ಸ್ಪಾಟ್‌ನಲ್ಲಿ ಬ್ಯಾಂಕ್ ಹತ್ತು ಪೈಸೆ ಹಿಡಿದು 84.90 ಕೊಟ್ಟರೆ ಕೈಗೆ 82,30,731 ರೂಪಾಯಿ.

ಈಗ ರೂಪಾಯಿ ಸಾಲ. ಫಾರ್ವರ್ಡ್ 85.92ರಲ್ಲಿ ಬ್ಯಾಂಕ್ 12 ಪೈಸೆ ಹಿಡಿದು 85.80ಕ್ಕೆ ಬುಕ್ ಮಾಡಿತು ಎನ್ನೋಣ. ಆರು ತಿಂಗಳಿಗೆ ಬರುವುದು 85,80,000. 9%ರಂತೆ 180 ದಿನಕ್ಕೆ 1.04438ರಿಂದ ಭಾಗಿಸಿದರೆ ಇವತ್ತು ಎತ್ತಬಹುದಾದ ಸಾಲ 82,15,372 ರೂಪಾಯಿ.

ವ್ಯತ್ಯಾಸ 15,359 ರೂಪಾಯಿ. ಪಿಸಿಎಫ್‌ಸಿಯೇ ಮೇಲು, ಸರಿ. ಆದರೆ ಒಂದು ಲಕ್ಷದ ಮೇಲೆ ಅಂದುಕೊಂಡಿದ್ದು ಹದಿನೈದು ಸಾವಿರಕ್ಕೆ ಇಳಿಯಿತು. ಉಳಿದದ್ದು ನೀವು ಬಿಟ್ಟುಕೊಟ್ಟ ಪ್ರೀಮಿಯಂ.

ಇದೇ ಲೆಕ್ಕವನ್ನು ತಿರುಗಿಸಿ ಮಾಡಿದರೆ ರೂಪಾಯಿ ಬಡ್ಡಿ ಎಷ್ಟಿದ್ದರೆ ಎರಡೂ ಸಮ ಎಂದು ಗೊತ್ತಾಗುತ್ತದೆ. 85,80,000ವನ್ನು 82,30,731ರಿಂದ ಭಾಗಿಸಿ, ಒಂದು ಕಳೆದು, 365/180ರಿಂದ ಗುಣಿಸಿ. 8.60% ಬರುತ್ತದೆ. ನಿಮ್ಮ ಬ್ಯಾಂಕ್ ರೂಪಾಯಿ ಸಾಲವನ್ನು 8.60ಕ್ಕಿಂತ ಕಡಿಮೆಗೆ ಕೊಡಲು ಒಪ್ಪಿದರೆ ರೂಪಾಯಿ ಸಾಲ ಮತ್ತು ಫಾರ್ವರ್ಡ್ ಸೇರಿದ್ದೇ ಲಾಭ. ಸರ್ಕಾರದ ಬಡ್ಡಿ ನೆರವು ಸಿಗುವ ಕಾಲದಲ್ಲಿ 9ರ ಬದಲು ನೆರವು ಕಳೆದ ದರ ಹಾಕಿ ನೋಡಿ, ಉತ್ತರ ಎಷ್ಟೋ ಸಲ ಮಗುಚಿಕೊಳ್ಳುತ್ತದೆ.

ಒಂದು ಎಚ್ಚರಿಕೆ. ಪಿಸಿಎಫ್‌ಸಿ ತೆಗೆದುಕೊಂಡು, ಅದೇ ಇನ್ವಾಯ್ಸ್ ಮೇಲೆ ಫಾರ್ವರ್ಡನ್ನೂ ಮಾರಬೇಡಿ. ಒಂದೇ ಡಾಲರನ್ನು ಎರಡು ಸಲ ಮಾರಿದ ಹಾಗೆ. ಬಂದ ಡಾಲರ್ ಸಾಲಕ್ಕೆ ಹೋಗಿಬಿಡುತ್ತದೆ, ಫಾರ್ವರ್ಡಿಗೆ ಕೊಡಲು ಏನೂ ಇರುವುದಿಲ್ಲ.

ಹಣ ಯಾವ ದಿನ ಬರುತ್ತೆ ಅಂತ ನಮಗೇ ಗೊತ್ತಿಲ್ಲ. ಆಗ?

ಒಂದು ದಿನದ ಬದಲು ಒಂದು ಅವಧಿಗೆ ಬುಕ್ ಮಾಡಬಹುದು. ಉದಾಹರಣೆಗೆ 150ನೇ ದಿನದಿಂದ 180ನೇ ದಿನದೊಳಗೆ ಯಾವಾಗ ಬೇಕಾದರೂ ಡಾಲರ್ ಕೊಡುತ್ತೇನೆ ಎಂದು. ಇದಕ್ಕೆ ಆಪ್ಷನ್ ಫಾರ್ವರ್ಡ್ ಎನ್ನುತ್ತಾರೆ. ಹೆಸರು ಕೇಳಿ ಬೇಡವಾದರೆ ಬಿಡಬಹುದು ಎಂದುಕೊಳ್ಳಬೇಡಿ. ಡಾಲರ್ ಕೊಡಲೇಬೇಕು, ಆಯ್ಕೆ ಇರುವುದು ದಿನದ್ದು ಮಾತ್ರ.

ಬೆಲೆ ಏನು? ನೀವು ಮೊದಲ ದಿನವೇ ಬಂದು ನಿಲ್ಲಬಹುದು ಎಂದು ಬ್ಯಾಂಕ್ ಲೆಕ್ಕ ಹಾಕಿ, 150 ದಿನದವರೆಗಿನ ಪ್ರೀಮಿಯಂ ಮಾತ್ರ ಕೊಡುತ್ತದೆ. ಸೂತ್ರಕ್ಕೆ 150 ಹಾಕಿದರೆ 85.77. 92 ಪೈಸೆ ಇದ್ದದ್ದು 77 ಆಯಿತು. ಲಕ್ಷ ಡಾಲರ್‌ಗೆ 15,000 ರೂಪಾಯಿ. ಆದ್ದರಿಂದ ಅವಧಿಯನ್ನು ಸುಮ್ನೆ ಎರಡು ಮೂರು ತಿಂಗಳು ಅಗಲ ಮಾಡಬೇಡಿ. ಬೈಯರ್‌ನ ಹಳೆಯ ಪಾವತಿಗಳನ್ನು ತೆಗೆದು ನೋಡಿದರೆ ಅವನು ಎಷ್ಟು ದಿನ ತಡ ಮಾಡುತ್ತಾನೆ ಎನ್ನುವುದು ನಿಮಗೇ ಗೊತ್ತಾಗುತ್ತದೆ.

ಆಮದುದಾರನಿಗೆ ಇದು ಉಲ್ಟಾ. ಅವನಿಂದ ಅವಧಿಯ ಕೊನೆಯ ದಿನದವರೆಗಿನ ಪ್ರೀಮಿಯಂ ವಸೂಲಿ ಮಾಡುತ್ತಾರೆ.

ಕಂಟೇನರ್ ತಡವಾಗಿ 180 ದಿನವೂ ದಾಟಿತು ಎಂದರೆ ಹಳೆಯ ಕಾಂಟ್ರಾಕ್ಟ್ ರದ್ದು ಮಾಡಿ ಹೊಸದು ಬುಕ್ ಮಾಡಬೇಕು. ರದ್ದು ಮಾಡುವುದು ಆ ದಿನದ ದರಕ್ಕೆ. ಡಾಲರ್ ಅಷ್ಟರಲ್ಲಿ 88 ಆಗಿದ್ದರೆ, 85.80ಕ್ಕೆ ಮಾರಿದ್ದ ನೀವು ಲಕ್ಷ ಡಾಲರ್‌ಗೆ 2,20,000 ರೂಪಾಯಿ ಅವತ್ತೇ ಕಟ್ಟಬೇಕು. ಹೊಸ ಕಾಂಟ್ರಾಕ್ಟ್ 88ರ ಮೇಲಿನ ದರಕ್ಕೆ ಆಗುವುದರಿಂದ ಆ ಹಣ ಮುಂದೆ ಬಂದೇ ಬರುತ್ತದೆ. ಆದರೆ ಇವತ್ತು ಕಟ್ಟಲು ಕೈಯಲ್ಲಿ ದುಡ್ಡು ಇರಬೇಕಲ್ಲ? ಸಣ್ಣ ಘಟಕಗಳಿಗೆ ಫಾರ್ವರ್ಡ್ ಎಂದರೆ ಭಯ ಹುಟ್ಟುವುದು ಲೆಕ್ಕದಿಂದ ಅಲ್ಲ, ಈ ಇಕ್ಕಟ್ಟಿನಿಂದ.

ಸೂತ್ರದ ಉತ್ತರಕ್ಕೂ ಮಾರುಕಟ್ಟೆಯ ಪ್ರೀಮಿಯಂಗೂ ತಾಳೆ ಆಗ್ತಿಲ್ಲ. ಎಲ್ಲಿ ತಪ್ಪಿದೆ?

ಮೊದಲು ನಿಮ್ಮ ಶೀಟ್ ನೋಡಿ. 360, 365 ಅದಲುಬದಲಾಗಿದೆಯಾ? ಒಂದು ವರ್ಷದ ಬಡ್ಡಿಯನ್ನು ಆರು ತಿಂಗಳ ಜಾಗಕ್ಕೆ ಹಾಕಿದ್ದೀರಾ? ಸ್ಪಾಟ್ ದರ ಬೆಳಗ್ಗೆಯದು, ಪ್ರೀಮಿಯಂ ಸಂಜೆಯದು ಆಗಿದೆಯಾ? ಜಾಸ್ತಿ ವ್ಯತ್ಯಾಸಗಳು ಇಲ್ಲೇ ಮುಗಿಯುತ್ತವೆ.

ಅದಾದ ಮೇಲೂ ಉಳಿದರೆ ಅದು ನಿಜವಾದ ವ್ಯತ್ಯಾಸ. ಅಳೆಯಲು ಸೂತ್ರವನ್ನು ಹಿಂದುಮುಂದು ಮಾಡಿ. ಮಾರುಕಟ್ಟೆಯಲ್ಲಿ 180 ದಿನದ ಪ್ರೀಮಿಯಂ 110 ಪೈಸೆ ಇದೆ ಎನ್ನೋಣ, ಅಂದರೆ ಫಾರ್ವರ್ಡ್ 86.10. ಅದನ್ನು 85ರಿಂದ ಭಾಗಿಸಿ, 1.0215ರಿಂದ ಗುಣಿಸಿ, ಒಂದು ಕಳೆದು ವರ್ಷಕ್ಕೆ ತಂದರೆ 7.04%. ಫಾರ್ವರ್ಡ್ ದರದೊಳಗೆ ಅಡಗಿರುವ ರೂಪಾಯಿ ಬಡ್ಡಿ ಇದು. ನಾವು ಹಾಕಿದ್ದು 6.60. ಅಂದರೆ ಡಾಲರ್ ಕೊಟ್ಟು ರೂಪಾಯಿ ಪಡೆಯುವವರು 0.44% ಜಾಸ್ತಿ ತೆರುತ್ತಿದ್ದಾರೆ. ನಮ್ಮ ಪೇಟೆಯಲ್ಲಿ ಮಾಡಿಫೈಡ್ ಮೈಫರ್ ಎಂದು ಕರೆಯುವ ದರವನ್ನು ಕಟ್ಟುವುದು ಹೀಗೆಯೇ, ಡಾಲರ್ ಬಡ್ಡಿಗೆ ಫಾರ್ವರ್ಡ್ ಪ್ರೀಮಿಯಂ ಸೇರಿಸಿ.

ಈ ಅಂತರವನ್ನು ಡೀಲರ್‌ಗಳು ತಕ್ಷಣ ಅಳಿಸಿಹಾಕಬೇಕಲ್ಲವೇ? ಅವರ ಕೈಯೂ ಕಟ್ಟಿರುತ್ತದೆ. ಹೊರಗಿನಿಂದ ಎಷ್ಟು ಡಾಲರ್ ಸಾಲ ತರಬಹುದು ಎನ್ನುವುದಕ್ಕೆ ಮಿತಿ ಇದೆ. ಇದು ನಮ್ಮ ದೇಶದ ಕಥೆ ಮಾತ್ರವೂ ಅಲ್ಲ. 2008ರ ಬಿಕ್ಕಟ್ಟಿನ ನಂತರ ಯೂರೊ, ಯೆನ್‌ನಂಥ ತಡೆಯೇ ಇಲ್ಲದ ಕರೆನ್ಸಿಗಳಲ್ಲೂ ಅಂತರ ಉಳಿದುಕೊಂಡಿತು. ಇಂಥ ವ್ಯವಹಾರದಿಂದ ಬ್ಯಾಂಕಿನ ಬ್ಯಾಲೆನ್ಸ್ ಶೀಟ್ ಹಿಗ್ಗುತ್ತದೆ, ಹಿಗ್ಗಿದಷ್ಟೂ ಬಂಡವಾಳ ಇಡಬೇಕು. ಮೂರು ತಿಂಗಳಿಗೊಮ್ಮೆ ಲೆಕ್ಕ ತೋರಿಸುವ ಹೊತ್ತಿಗೆ ಬ್ಯಾಂಕುಗಳು ಇನ್ನೂ ಹಿಂಜರಿಯುತ್ತವೆ, ಅಂತರ ಇನ್ನೂ ಅಗಲವಾಗುತ್ತದೆ.

ನಮ್ಮಲ್ಲಿ ಆರ್‌ಬಿಐ ಕೈ ಹಾಕಿದರೂ ಪ್ರೀಮಿಯಂ ಅಲ್ಲಾಡುತ್ತದೆ. 2019ರ ಮಾರ್ಚ್‌ನಲ್ಲಿ ಅದು ಬ್ಯಾಂಕುಗಳಿಂದ 500 ಕೋಟಿ ಡಾಲರ್ ಕೊಂಡು, ಮೂರು ವರ್ಷದ ನಂತರ ವಾಪಸ್ ಮಾರುವ ಸ್ವಾಪ್ ಹರಾಜು ಮಾಡಿತು. ಫಾರ್ವರ್ಡ್ ಡಾಲರ್ ಮಾರುವ ದೊಡ್ಡ ಕೈ ಪೇಟೆಗೆ ಬಂದರೆ ಪ್ರೀಮಿಯಂ ಕೆಳಗೆ ಬರುತ್ತದೆ. ಇನ್ನೂ ಸ್ಪಷ್ಟವಾದ ಉದಾಹರಣೆ 2013ರದ್ದು. ಆ ವರ್ಷ ಆಗಸ್ಟ್‌ನಲ್ಲಿ ರೂಪಾಯಿ 68 ದಾಟಿ ಕುಸಿದಿತ್ತು. ಸೆಪ್ಟೆಂಬರ್‌ನಿಂದ ನವೆಂಬರ್‌ವರೆಗೆ, ಅನಿವಾಸಿಗಳಿಂದ ಮೂರು ವರ್ಷದ ಡಾಲರ್ ಠೇವಣಿ ತಂದ ಬ್ಯಾಂಕುಗಳಿಗೆ ಆರ್‌ಬಿಐ ವರ್ಷಕ್ಕೆ 3.5%ರ ನಿಗದಿತ ದರದಲ್ಲಿ ಸ್ವಾಪ್ ಕೊಟ್ಟಿತು. ಆಗ ಮಾರುಕಟ್ಟೆಯಲ್ಲಿ ಅದೇ ರಕ್ಷಣೆಯ ಬೆಲೆ ಅದಕ್ಕಿಂತ ತುಂಬಾ ಜಾಸ್ತಿ ಇತ್ತು. ಬಡ್ಡಿ ಸಮಾನತೆಯ ಲೆಕ್ಕಕ್ಕಿಂತ ಕಡಿಮೆಗೆ ಕೊಟ್ಟದ್ದೇ ಅಲ್ಲಿನ ಆಕರ್ಷಣೆ. ಇನ್ನೊಂದು ಸ್ವಾಪ್ ಯೋಜನೆಯೂ ಸೇರಿ ಸುಮಾರು 3,400 ಕೋಟಿ ಡಾಲರ್ ಬಂತು.

ಮೊದಲು ಪ್ರೀಮಿಯಂ ಚೆನ್ನಾಗಿ ಸಿಗ್ತಿತ್ತು, ಆಮೇಲೆ ಕಡಿಮೆ ಆಯ್ತಲ್ಲ?

ಅಮೆರಿಕದ ಬಡ್ಡಿ ಏರಿದ್ದರಿಂದ. 2022ರ ಮೊದಲಲ್ಲಿ ಸೊನ್ನೆಯ ಹತ್ತಿರ ಇದ್ದದ್ದು 2023ರ ಜುಲೈಗೆ 5.25–5.50% ಆಯಿತು. ಅದೇ ಹೊತ್ತಿನಲ್ಲಿ ನಮ್ಮ ರೆಪೊ 4ರಿಂದ 6.50ಕ್ಕೆ ಬಂದು ನಿಂತಿತು. ಅಂತರ ಕುಗ್ಗಿತು, ಪ್ರೀಮಿಯಂ ಕುಗ್ಗಿತು. ರಫ್ತುದಾರರು ಬ್ಯಾಂಕನ್ನು ಬೈದರೆ ಪ್ರಯೋಜನವಿಲ್ಲ.

ಮಗ ಅಮೆರಿಕದಲ್ಲಿದ್ದಾನೆ. ಅಲ್ಲಿ 4.30% ಬಡ್ಡಿ, ಇಲ್ಲಿ ಎನ್‌ಆರ್‌ಇ ಠೇವಣಿಗೆ 7%. ಫಾರ್ವರ್ಡ್ ಬುಕ್ ಮಾಡಿ ಇಲ್ಲೇ ಇಟ್ಟರೆ ಲಾಭ ಖಂಡಿತ ಅಲ್ವಾ?

ಹಾಕಿ ನೋಡಿ. ಡಾಲರ್ ತಂದಾಗ ಬ್ಯಾಂಕ್ 84.70 ಕೊಡುತ್ತದೆ ಎನ್ನೋಣ. ಒಂದು ವರ್ಷಕ್ಕೆ 7% ಸೇರಿ 90.63 ರೂಪಾಯಿ. ವಾಪಸ್ ಡಾಲರ್ ಕೊಳ್ಳಲು ಒಂದು ವರ್ಷದ ಫಾರ್ವರ್ಡ್ ಮಾರ್ಜಿನ್ ಸೇರಿ 87.20 ಇದ್ದರೆ 1.0393 ಡಾಲರ್. ಅಂದರೆ 3.9%. ಅಮೆರಿಕದಲ್ಲೇ ಇಟ್ಟಿದ್ದರೆ ಚೆನ್ನಾಗಿತ್ತು. ಫಾರ್ವರ್ಡ್ ಬುಕ್ ಮಾಡದೆ ಇಟ್ಟರೆ 7% ಸಿಗುವುದು ರೂಪಾಯಿಯಲ್ಲಿ. ಡಾಲರ್‌ನಲ್ಲಿ ಎಷ್ಟು ಸಿಗುತ್ತದೆ ಎನ್ನುವುದು ಆ ದಿನದ ದರಕ್ಕೆ ಬಿಟ್ಟದ್ದು. ಹಣ ಇಲ್ಲೇ ಖರ್ಚಾಗುವುದಾದರೆ, ಊರಲ್ಲಿ ಮನೆ ಕಟ್ಟುವುದಕ್ಕೆ ಎನ್ನಿ, ಆಗ ಈ ಪ್ರಶ್ನೆಯೇ ಏಳುವುದಿಲ್ಲ. ಎನ್‌ಆರ್‌ಇಯಲ್ಲಿ ನೆಮ್ಮದಿಯಾಗಿ ಇಡಬಹುದು.

ನಮ್ಮ ಬೈಯರ್ ಯೂರೊದಲ್ಲಿ ಕೊಡ್ತಾನೆ.

ಅದೇ ಸೂತ್ರ, ಡಾಲರ್ ಬಡ್ಡಿಯ ಜಾಗಕ್ಕೆ ಯೂರೊ ಬಡ್ಡಿ. ಅದಕ್ಕೂ 360 ದಿನವೇ. ಪೌಂಡ್ ಆದರೆ 365. ಬಡ್ಡಿ ಕಡಿಮೆ ಇರುವ ಕರೆನ್ಸಿಗೆ ಪ್ರೀಮಿಯಂ ಜಾಸ್ತಿ. ನಮಗಿಂತ ಬಡ್ಡಿ ಜಾಸ್ತಿ ಇರುವ ದೇಶದ ಕರೆನ್ಸಿಯಾದರೆ ಪ್ರೀಮಿಯಂ ಹೋಗಿ ಡಿಸ್ಕೌಂಟ್ ಆಗುತ್ತದೆ, ಅಂದರೆ ಫಾರ್ವರ್ಡ್ ದರ ಸ್ಪಾಟ್‌ಗಿಂತ ಕೆಳಗೆ.

ನಾವು ಯಂತ್ರ ತರಿಸ್ತೀವಿ, ರಫ್ತು ಮಾಡಲ್ಲ. ನಮಗೂ ಇದೇ ಲೆಕ್ಕವಾ?

ಲೆಕ್ಕ ಇದೇ, ಬದಿ ಬೇರೆ. ರಫ್ತುದಾರನಿಗೆ ಸಿಗುವ ಪ್ರೀಮಿಯಂ ನಿಮಗೆ ಖರ್ಚು. ವಸಂತನರಸಾಪುರದ ಯಾವುದೋ ಕಾರ್ಖಾನೆ ಯಂತ್ರ ತರಿಸಲು ಆರು ತಿಂಗಳ ಬೈಯರ್ಸ್ ಕ್ರೆಡಿಟ್, ಅಂದರೆ ಆಮದಿಗೆ ಸಿಗುವ ಡಾಲರ್ ಸಾಲ, ತೆಗೆದುಕೊಂಡು "ನಮಗೆ ಬರೀ 6% ಬಡ್ಡಿ" ಎಂದರೆ, ಫಾರ್ವರ್ಡ್ ಕೊಂಡಿದ್ದೀರಾ ಎಂದು ಕೇಳಿ. ಕೊಂಡಿದ್ದರೆ 2.19% ಪ್ರೀಮಿಯಂ ಮತ್ತು ಬ್ಯಾಂಕಿನ ಮಾರ್ಜಿನ್ ಸೇರಿ ಎಂಟೂವರೆಯ ಹತ್ತಿರ ಬಂದಿರುತ್ತದೆ, ರೂಪಾಯಿ ಸಾಲಕ್ಕೂ ಅದಕ್ಕೂ ಅಷ್ಟೇನೂ ದೂರವಿಲ್ಲ. ಕೊಂಡಿಲ್ಲದಿದ್ದರೆ ಆ 6% ಡಾಲರ್‌ನ ಬಡ್ಡಿ ಮಾತ್ರ, ರೂಪಾಯಿಯಲ್ಲಿ ಎಷ್ಟಾಗುತ್ತದೆ ಎನ್ನುವುದು ಸಾಲ ತೀರಿಸುವ ದಿನವೇ ಗೊತ್ತಾಗುವುದು.